ಡಿಸ್ಕ್ರಿಪ್ಷನ್‌ನಲ್ಲಿ ಸ್ಪಾನ್ಸರ್ ವಿಷಯ ಎಲ್ಲಿ ಹಾಕೋದು?

ಪ್ರಶ್ನೆ: ನಾನು ಶ್ರೀನಿವಾಸಪುರ ಕಡೆಯವನು, ಕೃಷಿ ಉಪಕರಣಗಳ ಬಗ್ಗೆ ಯೂಟ್ಯೂಬ್ ಚಾನೆಲ್ ಇದೆ. ಸ್ಪಾನ್ಸರ್ ಮತ್ತು ಅಫಿಲಿಯೇಟ್ ಲಿಂಕ್ ಬಗ್ಗೆ ಡಿಸ್ಕ್ರಿಪ್ಷನ್‌ನಲ್ಲಿ ಎಲ್ಲಿ ಬರೆಯಬೇಕು? ಮೇಲೆ ಹಾಕಿದರೆ ಸರ್ಚ್‌ನಲ್ಲಿ ವೀಡಿಯೋ ಬರಲ್ಲ ಅಂತಾರೆ, ಕೆಳಗೆ ಹಾಕಿದರೆ ತಪ್ಪು ಅಂತಾರೆ.

ಮೇಲೇ ಹಾಕಿ, ಮೊದಲ ಎರಡು ಸಾಲಿನೊಳಗೆ. ಆದರೆ ಅದನ್ನೇ ಒಂದು ಪ್ಯಾರಾ ಮಾಡಬೇಡಿ, ಒಂದು ಚಿಕ್ಕ ವಾಕ್ಯ ಸಾಕು. ಸ್ಪಾನ್ಸರ್ ಅಂತ ಬರೆದ ಮಾತ್ರಕ್ಕೆ ವೀಡಿಯೋ ಸರ್ಚ್‌ನಿಂದ ಕೆಳಗೆ ಹೋಗುತ್ತೆ ಅನ್ನೋದನ್ನ ಮರೆತುಬಿಡಿ. ಏಟು ಬೀಳೋದು ಬೇರೆ ಕಾರಣಕ್ಕೆ: ವೀಡಿಯೋ ಯಾವುದರ ಬಗ್ಗೆ ಅಂತ ಹೇಳಬೇಕಾದ ಜಾಗವನ್ನು ಉದ್ದದ ಸೂಚನೆ ನುಂಗಿ ಹಾಕಿರುತ್ತೆ.

ನಾನು ಕೋಲಾರದಲ್ಲಿ ಕೆಲವು ಕೃಷಿ ಚಾನೆಲ್‌ಗಳ ಅಪ್‌ಲೋಡ್ ಕೆಲಸ ನೋಡಿಕೊಳ್ಳುತ್ತೇನೆ. ಹೊಸದಾಗಿ ಬರುವ ಹೆಚ್ಚಿನವರ ಡಿಸ್ಕ್ರಿಪ್ಷನ್ ಹೀಗೆ ಶುರುವಾಗಿರುತ್ತೆ:

```
ಸೂಚನೆ: ಈ ವೀಡಿಯೋದಲ್ಲಿ ಪ್ರಾಯೋಜಿತ ಅಂಶಗಳು ಹಾಗೂ
ಅಫಿಲಿಯೇಟ್ ಲಿಂಕ್‌ಗಳು ಇರಬಹುದು. ಇವುಗಳ ಮೂಲಕ
ಖರೀದಿಸಿದಲ್ಲಿ ನಮಗೆ ಅಲ್ಪ ಆದಾಯ ದೊರೆಯಬಹುದು.
```

ಇದರಲ್ಲಿ ಎರಡು ತೊಂದರೆ ಇದೆ. ಸರ್ಚ್ ಮಾಡಿದಾಗ ಟೈಟಲ್ ಕೆಳಗೆ ಡಿಸ್ಕ್ರಿಪ್ಷನ್‌ನ ಒಂದು ತುಣುಕು ಕಾಣುತ್ತೆ ಅಲ್ವಾ, ಅಲ್ಲಿ ಉಪಕರಣದ ಹೆಸರೇ ಇಲ್ಲದಿದ್ದರೆ ಅದನ್ನ ಹುಡುಕಿ ಬಂದವನು ಯಾಕೆ ಒತ್ತುತ್ತಾನೆ? ಎರಡನೇದು, "ಇರಬಹುದು", "ದೊರೆಯಬಹುದು" ಅಂದರೆ ನೋಡುವವನಿಗೆ ಏನೂ ಗೊತ್ತಾಗಲ್ಲ. ದುಡ್ಡು ತಗೊಂಡಿದ್ದೀರಾ ಇಲ್ವಾ? ಅದನ್ನ ನೇರವಾಗಿ ಹೇಳಬೇಕು.

ನಿಮ್ಮದೇ ತರಹದ ಒಂದು ವೀಡಿಯೋ ತಗೊಳ್ಳೋಣ. ಟೊಮೇಟೊ ತೋಟಕ್ಕೆ ಬ್ಯಾಟರಿ ಸ್ಪ್ರೇಯರ್ ರಿವ್ಯೂ. ಕಂಪನಿ ಸ್ಪ್ರೇಯರನ್ನೂ ಕೊಟ್ಟಿದೆ, ವೀಡಿಯೋಗೆ ದುಡ್ಡನ್ನೂ ಕೊಟ್ಟಿದೆ. ಜೊತೆಗೆ ನೀವು ನಾಝಲ್, ಮಾಸ್ಕ್‌ಗೆ ಅಮೆಜಾನ್ ಲಿಂಕ್ ಹಾಕುತ್ತಿದ್ದೀರಿ. ನಾನಾದರೆ ಹೀಗೆ ಬರೆಯುತ್ತೇನೆ:

```
ಟೊಮೇಟೊಗೆ 16 ಲೀಟರ್ ಬ್ಯಾಟರಿ ಸ್ಪ್ರೇಯರ್ ರಿವ್ಯೂ.
ಜಾಹೀರಾತು: ಸ್ಪ್ರೇಯರ್, ದುಡ್ಡು ಎರಡೂ ಕೊಟ್ಟಿದ್ದು (ಕಂಪನಿ ಹೆಸರು).

ಒಂದು ಚಾರ್ಜ್‌ಗೆ ಎಷ್ಟು ಟ್ಯಾಂಕ್ ಬರುತ್ತೆ, ಎಲೆ ಕೆಳಗೆ
ಔಷಧಿ ತಾಗುತ್ತಾ, ಬೆನ್ನಿಗೆ ಭಾರ ಆಗುತ್ತಾ ಅಂತ ನೋಡಿದ್ದೀವಿ.

ಈ ಕೆಳಗಿನ ಲಿಂಕ್‌ಗಳಿಂದ ಕೊಂಡರೆ ನನಗೆ ಕಮಿಷನ್ ಬರುತ್ತೆ.
As an Amazon Associate I earn from qualifying purchases.
ನಾಝಲ್ ಸೆಟ್: (ಲಿಂಕ್)
ಮಾಸ್ಕ್: (ಲಿಂಕ್)
```

ಮೊದಲ ಸಾಲು ಚಿಕ್ಕದಾಗಿದೆ, ನೋಡಿ. ಅದು ಬೇಕಂತಲೇ ಮಾಡಿದ್ದು. ನೀವು ಟೈಪ್ ಮಾಡಿದ ಒಂದು ಸಾಲು ಸ್ಕ್ರೀನ್ ಮೇಲೆ ಮಡಚಿಕೊಂಡು ಎರಡು ಸಾಲಾದರೆ, ಜಾಹೀರಾತು ಅನ್ನೋ ಸಾಲು "ಇನ್ನಷ್ಟು" ಬಟನ್‌ನ ಕೆಳಗೆ ಜಾರುತ್ತೆ. ಹಾಗಾಗಿ ಜನ ಹುಡುಕುವ ಮಾತುಗಳನ್ನು ಮೊದಲ ಸಾಲಿಗೆ ಹಾಕಿ, ವಿವರವನ್ನೆಲ್ಲ ಒಂದು ಸಾಲು ಬಿಟ್ಟು ಕೆಳಗೆ ಇಳಿಸಿ.

ಕಮಿಷನ್ ವಿಷಯ ಲಿಂಕ್‌ಗಳ ತಲೆಯ ಮೇಲೇ ಇರಬೇಕು, ಕೊನೆಯಲ್ಲಿ ಅಲ್ಲ. ಒತ್ತುವ ಮುಂಚೆ ಕಣ್ಣಿಗೆ ಬೀಳಬೇಕು. ಬರೀ "ಅಫಿಲಿಯೇಟ್ ಲಿಂಕ್" ಅಂತ ಬಿಟ್ಟರೆ ಸಾಲದು. ಟೊಮೇಟೊ ಹೇರಿಕೊಂಡು ಮಂಡಿಗೆ ಹೋಗುವ ಪ್ರತಿ ರೈತನಿಗೂ ಕಮಿಷನ್ ಅಂದರೆ ಏನು ಅಂತ ಗೊತ್ತು, ಅದನ್ನೇ ಬರೆಯಿರಿ. ಆ ಇಂಗ್ಲಿಷ್ ಸಾಲು ಅಮೆಜಾನ್ ಕೇಳುವ ಸಾಲು, ಅದನ್ನ ತೆಗೆಯಬೇಡಿ. ಸ್ಪಾನ್ಸರ್ ಯಾರೂ ಇಲ್ಲ, ಬರೀ ಲಿಂಕ್ ಇದೆ ಅನ್ನೋ ವೀಡಿಯೋ ಆದರೆ ಎರಡನೇ ಸಾಲಲ್ಲಿ "ಕೆಳಗಿನ ಲಿಂಕ್‌ಗಳಿಂದ ನನಗೆ ಕಮಿಷನ್ ಇದೆ" ಅಂತ ಹಾಕಿದರೆ ಆಯ್ತು.

ಎರಡು ಸಾಲಿನ ಲೆಕ್ಕ ನಾನು ಸುಮ್ನೆ ಹೇಳುತ್ತಿಲ್ಲ. ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ತಂದಿದೆ. ಬಟನ್ ಒತ್ತದೆ ಕಾಣುವಂತೆ ಮೊದಲೆರಡು ಸಾಲಲ್ಲಿ ಇರಬೇಕು, ಹ್ಯಾಷ್‌ಟ್ಯಾಗ್ ರಾಶಿಯಲ್ಲಿ ಬಚ್ಚಿಡಬಾರದು ಅನ್ನೋದು ಅದರಲ್ಲಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಸೂಚನೆ ಪ್ರಕಾರ ವೀಡಿಯೋ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲೇ ಹೇಳಬೇಕು, ಮತ್ತು ಡಿಸ್ಕ್ರಿಪ್ಷನ್‌ನಲ್ಲಿ ಮಾತ್ರ ಬರೆದರೆ ಸಾಲದು, ವೀಡಿಯೋದೊಳಗೂ ಇರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ವೀಡಿಯೋದೊಳಗೂ ಇರಬೇಕು ಅನ್ನೋದು ನಮ್ಮ ಕಡೆ ಇನ್ನೂ ಮುಖ್ಯ, ಯಾಕಂದರೆ ನಮ್ಮ ವೀಕ್ಷಕರು ಜಾಸ್ತಿ ಮೊಬೈಲ್‌ನಲ್ಲೇ ನೋಡೋರು. ಆ್ಯಪ್‌ನಲ್ಲಿ ಟೈಟಲ್ ಒತ್ತಿ ತೆರೆಯುವ ತನಕ ಡಿಸ್ಕ್ರಿಪ್ಷನ್ ಸರಿಯಾಗಿ ಕಾಣಲ್ಲ, ಎಷ್ಟೇ ಚೆನ್ನಾಗಿ ಬರೆದಿದ್ದರೂ. ಅದಕ್ಕೆ ಬಾಯಲ್ಲಿ ಒಂದು ಸಲ ಹೇಳಿ. ವೀಡಿಯೋ ಎರಡು ನಿಮಿಷಕ್ಕಿಂತ ಉದ್ದ ಇದ್ದರೆ, ಆ ಕಂಪನಿಯ ವಿಷಯ ಬರುವ ಭಾಗದುದ್ದಕ್ಕೂ "ಜಾಹೀರಾತು" ಅನ್ನೋ ಬರಹ ಸ್ಕ್ರೀನ್ ಮೇಲೆ ಇರಲಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ವೀಡಿಯೋ ವಿವರದ ಪುಟದಲ್ಲಿ Paid promotion ಅಂತ ಒಂದು ಟಿಕ್ ಬಾಕ್ಸ್ ಇದೆ, ಅದನ್ನೂ ಹಾಕಿ. ಶುರುವಿನ ಕೆಲವು ಸೆಕೆಂಡ್ ವೀಡಿಯೋ ಮೇಲೆ ಒಂದು ಚಿಕ್ಕ ಪಟ್ಟಿ ಬರುತ್ತೆ. ದುಡ್ಡು ತಗೊಂಡ ವೀಡಿಯೋಗೆ ಆ ಟಿಕ್ ಯೂಟ್ಯೂಬ್‌ನ ನಿಯಮ, ಆದರೆ ಅದೊಂದನ್ನೇ ನಂಬಿ ಬೇರೆಲ್ಲ ಬಿಡೋಕೆ ಆಗಲ್ಲ.

ಈಗ ಸರ್ಚ್ ನಿಜವಾಗಿ ಕೆಡುವ ಜಾಗಕ್ಕೆ ಬರ್ತೀನಿ. ಸ್ಟುಡಿಯೋ ಸೆಟ್ಟಿಂಗ್ಸ್‌ನಲ್ಲಿ Upload defaults ಅಂತ ಇದೆ. ಪ್ರತಿ ಸಲ ಟೈಪ್ ಮಾಡೋದು ಬೇಡ ಅಂತ ಜನ ಆ ಉದ್ದದ ಸೂಚನೆಯನ್ನು ಅಲ್ಲಿ ಸೇರಿಸಿಬಿಡುತ್ತಾರೆ. ಆಗ ಸ್ಪ್ರೇಯರ್ ವೀಡಿಯೋ, ಡ್ರಿಪ್ ವೀಡಿಯೋ, ನರ್ಸರಿ ವೀಡಿಯೋ ಎಲ್ಲದರ ಆರಂಭವೂ ಅಕ್ಷರಶಃ ಒಂದೇ. ಯಾವ ವೀಡಿಯೋ ಯಾವುದರ ಬಗ್ಗೆ ಅಂತ ತಿಳಿಸುವ ಒಳ್ಳೆಯ ಜಾಗ ಎಲ್ಲದರಲ್ಲೂ ವ್ಯರ್ಥ. ಅದಕ್ಕಿಂತ ಬೇಜಾರಿನ ವಿಷಯ ಅಂದರೆ, ಯಾರ ದುಡ್ಡೂ ತಗೊಳ್ಳದೆ ಬಿಸಿಲಲ್ಲಿ ನಿಂತು ಮಾಡಿದ ವೀಡಿಯೋ ಮೇಲೂ ಜಾಹೀರಾತಿನ ಅನುಮಾನ ಬೀಳುತ್ತೆ. ಡಿಫಾಲ್ಟ್‌ನಲ್ಲಿ ಚಾನೆಲ್ ಪರಿಚಯ, ಸಂಪರ್ಕದ ವಿಷಯ ಇಷ್ಟೇ ಇಡಿ. ಮೊದಲೆರಡು ಸಾಲನ್ನು ಪ್ರತಿ ವೀಡಿಯೋಗೂ ಕೈಯಾರೆ ಬರೆಯಿರಿ.

ಬದಲಾಯಿಸಿದ ಮೇಲೆ ಪರೀಕ್ಷೆ ಮಾಡೋದು ಸುಲಭ. ಬ್ರೌಸರ್‌ನ ಇನ್‌ಕಾಗ್ನಿಟೋದಲ್ಲಿ "ಟೊಮೇಟೊ ಬ್ಯಾಟರಿ ಸ್ಪ್ರೇಯರ್" ಅಂತ ಹುಡುಕಿ, ನಿಮ್ಮ ವೀಡಿಯೋ ಕೆಳಗೆ ಯಾವ ತುಣುಕು ಬರುತ್ತೆ ನೋಡಿ. ಆಮೇಲೆ ಅನಲಿಟಿಕ್ಸ್‌ನಲ್ಲಿ ಆ ಒಂದು ವೀಡಿಯೋಗೆ ಯೂಟ್ಯೂಬ್ ಸರ್ಚ್‌ನಿಂದ ಬಂದ ವ್ಯೂಸ್ ಮತ್ತು ಸರ್ಚ್ ಪದಗಳನ್ನು ಹಿಂದಿನ ನಾಲ್ಕು ವಾರ, ಮುಂದಿನ ನಾಲ್ಕು ವಾರ ಅಂತ ಹೋಲಿಸಿ. ಆ ಅವಧಿಯಲ್ಲಿ ಟೈಟಲ್ಲು, ಥಂಬ್‌ನೇಲು ಮುಟ್ಟಬೇಡಿ, ಮುಟ್ಟಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಒಂದು ವಿಷಯ ನೆನಪಿರಲಿ, ಔಷಧಿ ಹೊಡೆಯುವ ಕಾಲ ಮುಗಿದರೆ ಸ್ಪ್ರೇಯರ್ ಹುಡುಕೋರೇ ಕಮ್ಮಿ ಆಗ್ತಾರೆ. ಹಾಗಾಗಿ ಡಿಸ್ಕ್ರಿಪ್ಷನ್ ಮುಟ್ಟದ ಇನ್ನೊಂದು ಸ್ಪ್ರೇಯರ್ ವೀಡಿಯೋದ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಎರಡೂ ಒಟ್ಟಿಗೆ ಇಳಿದಿದ್ದರೆ ಅದು ಸೀಸನ್ನು.

ಹಳೇ ವೀಡಿಯೋಗಳನ್ನು ಒಂದೇ ದಿನ ತಿದ್ದೋಕೆ ಹೋಗಬೇಡಿ. ದುಡ್ಡು ತಗೊಂಡೂ ಹೇಳದೇ ಇರುವ ವೀಡಿಯೋಗಳನ್ನು ಮೊದಲು ಸರಿ ಮಾಡಿ, ಅದರಲ್ಲೂ ಈಗಲೂ ವ್ಯೂಸ್ ಬರುತ್ತಿರುವುದನ್ನು. ಕಂಪನಿ ಜೊತೆಗಿನ ಒಪ್ಪಂದ ಮುಗಿದಿದ್ದರೂ ಆ ಸಾಲು ತೆಗೆಯುವ ಹಾಗಿಲ್ಲ, ಆ ವೀಡಿಯೋ ದುಡ್ಡು ತಗೊಂಡೇ ಮಾಡಿದ್ದು.