ಮ್ಯಾನೇಜರ್‌ಗೆ ಬೇಸರವಾಗದ ವರ್ಗಾವಣೆ ಪತ್ರ

ಪ್ರಶ್ನೆ: ಕಲಬುರಗಿಯ ಬೇಳೆ ಮಿಲ್‌ನಲ್ಲಿ ಖರೀದಿ ವಿಭಾಗದಲ್ಲಿದ್ದೇನೆ. ಲೆಕ್ಕಪತ್ರ ವಿಭಾಗಕ್ಕೆ ಹೋಗಬೇಕು. ಈಗಿನ ಮ್ಯಾನೇಜರ್‌ಗೆ ಬೇಸರವಾಗದಂತೆ ಪತ್ರ ಹೇಗೆ ಬರೆಯಲಿ?

ಉತ್ತರ: ಮೊದಲು ಅವರ ಹತ್ತಿರ ಹೋಗಿ ಬಾಯಿಮಾತಲ್ಲಿ ಹೇಳಿ. ಸುದ್ದಿ ಬೇರೆಯವರಿಂದ ಕಿವಿಗೆ ಬಿದ್ದರೆ ಪತ್ರ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಆಮೇಲೆ ಎಚ್‌ಆರ್‌ಗೆ ಬರೆಯಿರಿ. ವಿಳಾಸದ ಕೆಳಗೆ 'ಮೂಲಕ: ಖರೀದಿ ಮ್ಯಾನೇಜರ್' ಅಂತ ಹಾಕಿ, ಅವರ ಸಹಿಯಾಗಿಯೇ ಮುಂದೆ ಹೋಗಲಿ.

ಕಾರಣ ಹೊಸ ಕೆಲಸದ್ದಿರಲಿ, ಹಳೆಯದರ ದೂರು ಬೇಡ. 'ಸದಾ ಋಣಿ' ಅಂತ ಸುಮ್ನೆ ಬರೆಯುವ ಬದಲು ಅವರು ಕಲಿಸಿದ ಒಂದು ಕೆಲಸ ಹೆಸರಿಸಿ:

"ತೊಗರಿಯ ತೇವಾಂಶ ನೋಡಿ ದರ ಕಟ್ಟುವುದನ್ನು ಖರೀದಿ ಮ್ಯಾನೇಜರ್ ಅವರಿಂದ ಕಲಿತೆ. ಬಿಲ್ ಮತ್ತು ತೂಕದ ಚೀಟಿ ತಾಳೆ ನೋಡುತ್ತಾ ಲೆಕ್ಕದ ಕೆಲಸದಲ್ಲಿ ಆಸಕ್ತಿ ಬೆಳೆಯಿತು. ನಾನು ಬಿ.ಕಾಂ. ಓದಿದ್ದೇನೆ. ಏಪ್ರಿಲ್‌ನಿಂದ ಲೆಕ್ಕಪತ್ರ ವಿಭಾಗಕ್ಕೆ ವರ್ಗಾಯಿಸಲು ಕೋರುತ್ತೇನೆ. ಅಷ್ಟರಲ್ಲಿ ಬಾಕಿ ಬಿಲ್‌ಗಳ ಪಟ್ಟಿ ಒಪ್ಪಿಸಿ, ಹೊಸಬರಿಗೆ ಕೆಲಸ ಕಲಿಸುತ್ತೇನೆ."

ಏಪ್ರಿಲ್ ಯಾಕೆ ಅಂದ್ರೆ, ಡಿಸೆಂಬರ್‌ನಿಂದ ಹೊಸ ತೊಗರಿಯ ಆವಕ ಜಾಸ್ತಿ. ಆ ಗದ್ದಲದಲ್ಲಿ ಬಿಟ್ಟು ಹೋದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಸಂಬಳದ ಮಾತು ಈ ಪತ್ರದಲ್ಲಿ ಬೇಡ.