ಹುರಿದ ದಿನಾಂಕ ನೋಡಿದೆ, ಗ್ರೈಂಡರ್ ಬಿಚ್ಚಿ ನೋಡಲಿಲ್ಲ

ಪ್ರಶ್ನೆ: ನನ್ನ ಬಳಿ ಅರ್ಧ ಕಿಲೋ ಕಾಫಿ ಬೀಜ ಇದೆ, ಪೊಟ್ಟಣ ಇನ್ನೂ ಒಡೆದಿಲ್ಲ. ಹುರಿದ ದಿನಾಂಕ ಮೂರು ತಿಂಗಳ ಹಿಂದಿನದು. ಹುರಿದ ಮೇಲೆ ಬೀಜ ಎಷ್ಟು ದಿನ ಚೆನ್ನಾಗಿರುತ್ತದೆ? ಹಳೆಯದನ್ನು ಕುಡಿದರೆ ಆರೋಗ್ಯಕ್ಕೆ ತೊಂದರೆಯೇ, ಅಥವಾ ರುಚಿ ಮಾತ್ರ ಸಪ್ಪೆಯೇ? ಫ್ರಿಜ್ಜಿನಲ್ಲಿ ಇಟ್ಟರೆ ಒಳ್ಳೆಯದೇ?

ಮೊದಲು ಆ ಪೊಟ್ಟಣವನ್ನು ಫ್ರಿಜ್ಜಿನ ಹತ್ತಿರ ಒಯ್ಯಬೇಡಿ. ಉಳಿದದ್ದನ್ನು ಆಮೇಲೆ ಮಾತನಾಡೋಣ.

ನಾನು ಮಂಗಳೂರಿನವನು. ಒಮ್ಮೆ ಚಿಕ್ಕಮಗಳೂರಿನ ಕಡೆ ಹೋದಾಗ ಅಂಗಡಿಯಲ್ಲಿ ಬೀಜ ಹುರಿಯುತ್ತಿದ್ದ ಘಮಕ್ಕೆ ಮರುಳಾಗಿ ಎರಡು ಕಿಲೋ ಪೀಬೆರಿ ತಂದೆ. ಕಪ್ಪಗೆ ಹುರಿದ ಬೀಜ, ಮೈಮೇಲೆ ಎಣ್ಣೆ ಹೊಳೆಯುತ್ತಿತ್ತು. ಆ ಹೊಳಪೇ ತಾಜಾತನದ ಗುರುತು ಎಂದು ಆಗ ನಂಬಿದ್ದೆ. ಮನೆಯಲ್ಲಿ ಕಾಫಿ ಕುಡಿಯುವವರು ಇಬ್ಬರು. ದಿನಕ್ಕೆ ಎರಡು ಹೊತ್ತು, ಲೋಟಕ್ಕೆ ಹತ್ತು ಗ್ರಾಂ ಪುಡಿ ಎಂದರೆ ದಿನಕ್ಕೆ ನಲವತ್ತು ಗ್ರಾಂ. ಎರಡು ಕಿಲೋ ಮುಗಿಯಲು ಏಳು ವಾರ ಬೇಕು. ಈ ಲೆಕ್ಕವನ್ನು ಅಂಗಡಿಯಲ್ಲಿ ನಿಂತಾಗಲೇ ಹಾಕಬೇಕಿತ್ತು. ಹಾಕಲಿಲ್ಲ. ಮನೆಗೆ ಬಂದು, ಕೆಡದಿರಲಿ ಎಂದು ಎಲ್ಲವನ್ನೂ ಒಂದೇ ಸ್ಟೀಲ್ ಡಬ್ಬಿಗೆ ಸುರಿದು ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ತೆಗೆಯುವುದು, ಬೇಕಾದಷ್ಟು ಅಳೆದುಕೊಳ್ಳುವುದು, ಮತ್ತೆ ಒಳಗೆ ಇಡುವುದು. ಸಂಜೆಯೂ ಅದೇ.

ಇಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಹತ್ತರಲ್ಲಿ ಎಂಟು ಮನೆಗಳು ಹೀಗೆಯೇ ಮಾಡುತ್ತವೆ ಎಂಬುದು ನನ್ನ ಗುಮಾನಿ. ಹುರಿದ ಬೀಜ ಎಂದರೆ ಒಣಗಿ ಗರಿಗರಿಯಾದ, ಒಳಗೆಲ್ಲ ಸಣ್ಣ ಸಣ್ಣ ರಂಧ್ರಗಳಿರುವ ವಸ್ತು. ಅದರಲ್ಲಿರುವ ತೇವ ಶೇಕಡಾ ಐದಕ್ಕಿಂತ ಕಡಿಮೆ. ಹತ್ತಿರ ಯಾವ ತೇವ, ಯಾವ ವಾಸನೆ ಸಿಕ್ಕರೂ ಹೀರಿಕೊಳ್ಳುತ್ತದೆ. ಫ್ರಿಜ್ಜಿನೊಳಗೆ ಅದು ನಾಲ್ಕೈದು ಡಿಗ್ರಿಗೆ ತಣ್ಣಗಾಗಿರುತ್ತದೆ. ಹೊರಗೆ ತೆಗೆದು ಮುಚ್ಚಳ ಬಿಚ್ಚಿದ ಕ್ಷಣ ಮಂಗಳೂರಿನ ಮಳೆಗಾಲದ ಗಾಳಿ ಅದನ್ನು ಮುಟ್ಟುತ್ತದೆ, ಗಾಳಿಯಲ್ಲಿನ ನೀರು ತಣ್ಣನೆಯ ಬೀಜದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೂರುತ್ತದೆ. ಒಂದು ದಿನ ಆದರೆ ಪರವಾಗಿಲ್ಲ. ದಿನಕ್ಕೆ ಎರಡು ಸಲ, ವಾರಗಟ್ಟಲೆ ಆದರೆ ಬೀಜ ಮೆತ್ತಗಾಗುತ್ತದೆ. ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಮುರಿಯಬೇಕಾದದ್ದು ರಬ್ಬರಿನಂತೆ ಜಗ್ಗುತ್ತದೆ. ಜೊತೆಗೆ ಪಕ್ಕದಲ್ಲಿದ್ದ ದೋಸೆ ಹಿಟ್ಟಿನ ಹುಳಿ, ಮೀನಿನ ಸಾರಿನ ವಾಸನೆ ಬೇರೆ. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು ಎಂದುಕೊಂಡಿದ್ದೆ. ಅಷ್ಟು ಬಿಗಿ ಇರಲಿಲ್ಲ.

ಮೂರನೆಯ ವಾರದ ಹೊತ್ತಿಗೆ ಡಿಕಾಕ್ಷನ್‌ನಲ್ಲಿ ಘಮವೇ ಇರಲಿಲ್ಲ, ಕಹಿ ಮಾತ್ರ ಉಳಿದಿತ್ತು. ನಂತರ ಕಮಟು ವಾಸನೆ ಶುರುವಾಯಿತು. ಸರಿ, ಬೀಜ ಹಳತಾಯಿತು ಎಂದು ಉಳಿದದ್ದನ್ನು ಗಿಡದ ಬುಡಕ್ಕೆ ಸುರಿದು, ಬೇರೊಬ್ಬ ವ್ಯಾಪಾರಿಯಿಂದ ಹುರಿದು ಒಂದು ವಾರವಾದ ಹೊಸ ಪೊಟ್ಟಣ ತರಿಸಿದೆ. ಮೊದಲ ಲೋಟದಲ್ಲೂ ಅದೇ ಕಮಟು! ದಿನಾಂಕ ಸುಳ್ಳು ಎಂದು ವ್ಯಾಪಾರಿಗೆ ಫೋನ್ ಮಾಡಿ ಜೋರು ಮಾಡಿದೆ. ಅವರು ಪಾಪ, ಇನ್ನೊಂದು ಪೊಟ್ಟಣ ಕಳುಹಿಸಿದರು. ಅದೂ ಹಾಗೆಯೇ. ಸಿಟ್ಟಿನಲ್ಲಿ ಅದನ್ನು ಅತ್ತಿಗೆಗೆ ಕೊಟ್ಟುಬಿಟ್ಟೆ.

ಎರಡು ದಿನ ಬಿಟ್ಟು ಅತ್ತಿಗೆ ಫೋನ್ ಮಾಡಿದರು. "ಇಷ್ಟು ಒಳ್ಳೆಯ ಕಾಫಿಯನ್ನು ಯಾಕೆ ಕೊಟ್ಟೆ ಮಾರಾಯ, ನಿನ್ನ ನಾಲಿಗೆಗೆ ಏನಾಗಿದೆ?"

ನಾಲಿಗೆಗೆ ಏನೂ ಆಗಿರಲಿಲ್ಲ. ಗ್ರೈಂಡರ್ ಬಿಚ್ಚಿದಾಗ ಗೊತ್ತಾಯಿತು. ಹಲ್ಲುಗಳ ಸಂದಿನಲ್ಲಿ, ಪುಡಿ ಬೀಳುವ ಕೊಳವೆಯಲ್ಲಿ, ಕಂದು ಬಣ್ಣದ ಅಂಟು ಪೇಸ್ಟ್ ಗಟ್ಟಿಯಾಗಿ ಕೂತಿತ್ತು. ಎಣ್ಣೆ ಬಿಟ್ಟ, ತೇವ ಹಿಡಿದ ಬೀಜವನ್ನು ವಾರಗಟ್ಟಲೆ ಅರೆದಿದ್ದರ ಫಲ. ಮೂಸಿದರೆ ಹಳೆಯ ಕಡಲೆಕಾಯಿ ಎಣ್ಣೆಯ ವಾಸನೆ. ಅರೇಬಿಕಾ ಬೀಜದ ತೂಕದಲ್ಲಿ ಸುಮಾರು ಶೇಕಡಾ ಹದಿನೈದರಷ್ಟು ಎಣ್ಣೆಯಂಶವೇ ಇರುತ್ತದೆ, ಗಾಳಿಯ ಆಮ್ಲಜನಕ ತಾಗಿದರೆ ಅದು ಕಮಟಾಗಲೇಬೇಕು. ಹೊಸ ಬೀಜ ಎಷ್ಟೇ ತಾಜಾ ಇದ್ದರೂ ಈ ಪೇಸ್ಟನ್ನು ಸವರಿಕೊಂಡೇ ಹೊರಬರುತ್ತಿತ್ತು. ನಾನು ತಪ್ಪನ್ನು ದಿನಾಂಕದಲ್ಲಿ ಹುಡುಕಿದೆ, ಅದು ಕುಳಿತಿದ್ದದ್ದು ಯಂತ್ರದಲ್ಲಿ. ಒಳ್ಳೆಯ ಬೀಜವೂ ಹೋಯಿತು, ವ್ಯಾಪಾರಿಯ ಮುಂದೆ ಮುಖವೂ ಹೋಯಿತು. ಕ್ಷಮೆ ಕೇಳಿದೆ, ಅದು ಬೇರೆ ಮಾತು.

ಗ್ರೈಂಡರನ್ನು ನೀರಿನಲ್ಲಿ ತೊಳೆಯಬೇಡಿ, ಉಕ್ಕಿನ ಹಲ್ಲು ತುಕ್ಕು ಹಿಡಿಯುತ್ತದೆ. ಪ್ಲಗ್ ತೆಗೆದು, ಹಲ್ಲುಗಳನ್ನು ಬಿಚ್ಚಿ, ಗಟ್ಟಿ ಬ್ರಶ್‌ನಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ. ಮತ್ತೆ ಜೋಡಿಸಿದ ಮೇಲೆ ಒಂದು ಹಿಡಿ ಬೀಜ ಅರೆದು ಚೆಲ್ಲಿ. ಅಕ್ಕಿ ಹಾಕಿ ಅರೆಯಿರಿ ಎಂದು ಕೆಲವರು ಹೇಳುತ್ತಾರೆ; ಹುರಿದ ಬೀಜಕ್ಕಿಂತ ಅಕ್ಕಿ ಬಹಳ ಗಟ್ಟಿ, ಸಣ್ಣ ಮೋಟಾರಿನ ಯಂತ್ರಕ್ಕೆ ಆ ಶಿಕ್ಷೆ ಬೇಡ. ಕಪ್ಪಗೆ ಹುರಿದದ್ದನ್ನು ಅರೆಯುವವರು ಇದನ್ನು ತಿಂಗಳಿಗೊಮ್ಮೆಯಾದರೂ ಮಾಡಬೇಕು.

ಈಗ ನಿಮ್ಮ ದಿನಾಂಕಕ್ಕೆ ಬರೋಣ. ಹುರಿದ ದಿನಾಂಕದ ಮೇಲೆ ನಿಮಗಿರುವಷ್ಟು ಭಕ್ತಿ ನನಗೆ ಉಳಿದಿಲ್ಲ. ಹುರಿಯುವಾಗ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ತುಂಬಿಕೊಳ್ಳುತ್ತದೆ, ನಂತರ ನಿಧಾನವಾಗಿ ಹೊರಬರುತ್ತದೆ. ಪೊಟ್ಟಣದ ಮೇಲಿನ ಸಣ್ಣ ಗುಂಡು ವಾಲ್ವ್ ಇರುವುದು ಇದಕ್ಕಾಗಿಯೇ: ಒಳಗಿನ ಅನಿಲ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಮೊದಲ ಕೆಲವು ದಿನ ಅನಿಲ ಎಷ್ಟಿರುತ್ತದೆಂದರೆ ಅದು ಬಿಸಿನೀರನ್ನೇ ಪುಡಿಯಿಂದ ಆಚೆ ತಳ್ಳುತ್ತದೆ, ಡಿಕಾಕ್ಷನ್ ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದ ನಿನ್ನೆ ಹುರಿದದ್ದೇ ಅತ್ಯುತ್ತಮ ಎಂಬುದು ತಪ್ಪು. ನಮ್ಮ ಫಿಲ್ಟರಿಗೆ ಹಾಕುವ ಕಪ್ಪು ಹುರಿತಕ್ಕೆ ನಾಲ್ಕೈದು ದಿನ ಬಿಟ್ಟರೆ ಸಾಕು, ತೆಳುವಾಗಿ ಹುರಿದದ್ದಕ್ಕೆ ಒಂದು ವಾರಕ್ಕಿಂತ ಹೆಚ್ಚು ಬೇಕು. ಅಲ್ಲಿಂದ ಸುಮಾರು ಐದಾರು ವಾರಗಳವರೆಗೆ, ಒಡೆಯದ ವಾಲ್ವ್ ಪೊಟ್ಟಣದಲ್ಲಿ ಬೀಜ ಚೆನ್ನಾಗಿರುತ್ತದೆ. ಒಡೆದ ದಿನದಿಂದ ಬೇರೆ ಗಡಿಯಾರ ಓಡಲು ಶುರುವಾಗುತ್ತದೆ: ಎರಡು ವಾರ, ಬಿಗಿಯಾದ ಡಬ್ಬಿಯಾದರೆ ಮೂರು. ಪುಡಿ ಮಾಡಿಸಿದಿರೋ, ಅನಿಲದ ದೊಡ್ಡ ಪಾಲು ನಿಮಿಷಗಳಲ್ಲೇ ಹಾರಿಹೋಗುತ್ತದೆ, ಘಮವೂ ಅದರ ಹಿಂದೆಯೇ; ಒಂದು ವಾರದಲ್ಲಿ ಮುಗಿಸುವಷ್ಟೇ ಪುಡಿ ಮಾಡಿಸಿ. ಚಿಕೋರಿ ಬೆರೆಸಿದ ಪುಡಿಯಾದರೆ ಇನ್ನೂ ಜಾಗ್ರತೆ, ಚಿಕೋರಿ ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ.

ನಮ್ಮೂರಿನಲ್ಲೇ ಹಸಿ ಬೀಜವನ್ನು ಮಳೆಗಾಲದ ತೇವದ ಗಾಳಿಗೆ ಬೇಕೆಂದೇ ಒಡ್ಡಿ, ಉಬ್ಬಿಸಿ, ಬಣ್ಣ ಬಿಳಿಚಿಸಿ ಮಾನ್ಸೂನ್ಡ್ ಮಲಬಾರ್ ಮಾಡುತ್ತಾರೆ. ಆದರೆ ಅದು ಹುರಿಯುವ ಮುಂಚಿನ ಆಟ. ಹಸಿ ಬೀಜ ತಿಂಗಳುಗಟ್ಟಲೆ ತಾಳುತ್ತದೆ. ಹುರಿದ ಮೇಲೆ ಅದೇ ಗಾಳಿ ಶತ್ರು.

ಆರೋಗ್ಯದ ಭಯ ಬಿಡಿ. ಮೂರು ತಿಂಗಳ ಒಣ ಬೀಜ ನಿಮ್ಮನ್ನು ಕಾಯಿಲೆ ಬೀಳಿಸುವುದಿಲ್ಲ. ಅಷ್ಟು ಒಣ ಜಾಗದಲ್ಲಿ ಬ್ಯಾಕ್ಟೀರಿಯವೂ ಬೆಳೆಯದು, ಬೂಷ್ಟೂ ಬೆಳೆಯದು. ಕೆಫೀನ್ ಹಾಗೆಯೇ ಉಳಿಯುತ್ತದೆ, ಆದ್ದರಿಂದ ಸಪ್ಪೆ ಕಾಫಿಯೂ ರಾತ್ರಿ ನಿದ್ದೆ ಕೆಡಿಸಬಲ್ಲದು. ಹುರಿದಾಗ ಹುಟ್ಟುವ ಅಕ್ರಿಲಮೈಡ್ ಎಂಬ, ಜನ ಹೆದರುವ ವಸ್ತುವಂತೂ ಇಟ್ಟಷ್ಟೂ ಕಡಿಮೆಯಾಗುತ್ತದೆ. ಹೋಗುವುದು ಘಮ, ಬರುವುದು ರಟ್ಟಿನ ರುಚಿ, ಕೊನೆಗೆ ಕಮಟು. ಒಂದೇ ವಿನಾಯಿತಿ ತೇವ. ಬೀಜದ ಮೇಲೆ ಬಿಳಿ ಅಥವಾ ಹಸಿರು ಬೂಷ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ, ಇಡೀ ಪೊಟ್ಟಣ ಎಸೆಯಿರಿ; ಬೂಷ್ಟಿನ ವಿಷವನ್ನು ಕುದಿಯುವ ನೀರು ಕೊಲ್ಲುತ್ತದೆ ಎಂದು ನಂಬಿ ಆರಿಸಿ ಬಳಸಬೇಡಿ. ಇನ್ನು ಹಳೆಯ ಕಾಫಿಯಿಂದ ಎದೆಯುರಿ ಎನ್ನುವವರು ಬಹಳ ಸಲ ಹೇಳುತ್ತಿರುವುದು ಬೆಳಿಗ್ಗೆ ಇಳಿಸಿ, ಬಿಸಿಯಾಗಿಯೇ ಇಟ್ಟು, ಸಂಜೆ ಮತ್ತೆ ಕಾಯಿಸಿದ ಡಿಕಾಕ್ಷನ್ನಿನ ಕಥೆಯನ್ನು. ಅದು ಇಟ್ಟಷ್ಟೂ ಹುಳಿಯಾಗುತ್ತದೆ, ಬೀಜದ ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಎಷ್ಟು ದಿನ ಇರುತ್ತದೆ ಎಂದು ಕೇಳುವುದಕ್ಕಿಂತ ಎಷ್ಟು ಕೊಳ್ಳಬೇಕು ಎಂದು ಕೇಳಬೇಕಿತ್ತು. ಇಬ್ಬರ ಮನೆಗೆ ಕಾಲು ಕಿಲೋ ಸುಮಾರು ಆರು ದಿನಕ್ಕೆ ಬರುತ್ತದೆ. ಅಷ್ಟು ಬೇಗ ಮುಗಿಯುವ ವಸ್ತುವಿಗೆ ಫ್ರಿಜ್ ಯಾಕೆ? ಹೆಚ್ಚು ತಂದೇ ತೀರಬೇಕಾದರೆ ತಂದ ದಿನವೇ ವಾರಕ್ಕೆ ಬೇಕಾದಷ್ಟನ್ನು ಬೇರೆ ಬೇರೆ ಸಣ್ಣ ಪೊಟ್ಟಣಗಳಾಗಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಡಿ. ಒಂದನ್ನು ರಾತ್ರಿ ಹೊರಗಿಟ್ಟು, ಬೆಳಿಗ್ಗೆ ಅದು ಕೋಣೆಯ ಬಿಸಿಗೆ ಬಂದ ಮೇಲೆಯೇ ಬಿಚ್ಚಿ, ಮತ್ತೆ ಫ್ರೀಜರಿಗೆ ಕಳುಹಿಸಬೇಡಿ.

ನಿಮ್ಮ ಅರ್ಧ ಕಿಲೋವನ್ನು ಇವತ್ತೇ ಒಡೆಯಿರಿ. ಒಂದು ಚಮಚ ಪುಡಿ ಮಾಡಿ ಲೋಟಕ್ಕೆ ಹಾಕಿ, ಕುದಿ ನಿಂತ ನೀರು ಸ್ವಲ್ಪ ಸುರಿಯಿರಿ. ಉಬ್ಬಿ ನೊರೆ ಎದ್ದರೆ ಜೀವ ಇನ್ನೂ ಇದೆ. ಸುಮ್ಮನೆ ಒದ್ದೆಯಾಗಿ ಕೂತರೆ ಅನಿಲ ಹೋಗಿದೆ, ಆದರೂ ಕಮಟು ಇಲ್ಲದಿದ್ದರೆ ಹಾಲಿನ ಕಾಫಿಗೆ ಧಾರಾಳವಾಗಿ ಸಾಕು. ಒಂದೆರಡು ಗ್ರಾಂ ಪುಡಿ ಹೆಚ್ಚು ಹಾಕಿ, ಡಿಕಾಕ್ಷನ್ ಬೇಗ ಇಳಿದರೆ ಸ್ವಲ್ಪ ಸಣ್ಣಗೆ ಅರೆಯಿರಿ. ಕಮಟು ಇದ್ದರೆ, ಬೀಜಕ್ಕೆ ಬೈಯುವ ಮೊದಲು ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ಮೂಸಿ ನೋಡಿ. ಕಾಳು ಚೆನ್ನಾಗಿದ್ದು ಲೋಟ ಮಾತ್ರ ಕೆಟ್ಟಿದ್ದರೆ ಸ್ಕ್ರೂಡ್ರೈವರ್ ಹುಡುಕಿ.