ದೂರದಲ್ಲಿರುವ 2s ಶಕ್ತಿಯಲ್ಲಿ ಕೆಳಗೆ ಯಾಕೆ?

*"2s ಎಲೆಕ್ಟ್ರಾನ್ ಸರಾಸರಿಯಲ್ಲಿ 2p ಗಿಂತ ನ್ಯೂಕ್ಲಿಯಸ್‌ನಿಂದ ದೂರ ಇರುತ್ತೆ ಅಂತ ಲೆಕ್ಕ ಹೇಳುತ್ತೆ. ಆದರೂ 2s ಶಕ್ತಿ ಕಡಿಮೆ ಅಂತಾರೆ, ಅದೂ ಹೈಡ್ರೋಜನ್‌ನಲ್ಲಿ ಅಲ್ಲವಂತೆ. ಇದರಲ್ಲಿ ರೇಡಿಯಲ್ ನೋಡ್ ಪಾತ್ರ ಏನು? ತಲೆ ಕೆಟ್ಟು ಹೋಗಿದೆ."*

ನೀವು ಓದಿದ್ದು ಎಲ್ಲಾ ಸರಿ. ನಿಮ್ಮನ್ನು ದಾರಿ ತಪ್ಪಿಸುತ್ತಿರುವುದು ಆ "ಸರಾಸರಿ ದೂರ". ಎಲೆಕ್ಟ್ರಾನ್‌ಗೂ ನ್ಯೂಕ್ಲಿಯಸ್‌ಗೂ ಇರುವ ಸೆಳೆತದ ಶಕ್ತಿ ದೂರ r ಮೇಲೆ ನೇರವಾಗಿ ನಿಂತಿಲ್ಲ, 1/r ಮೇಲೆ ನಿಂತಿದೆ. ಹಾಗಾಗಿ ನ್ಯೂಕ್ಲಿಯಸ್ ಹತ್ತಿರ ಕಳೆಯುವ ಸ್ವಲ್ಪ ಪಾಲಿಗೂ ಶಕ್ತಿಯ ಲೆಕ್ಕದಲ್ಲಿ ಭಾರೀ ಬೆಲೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಕಲಿಯುವ ದಿನಗಳಲ್ಲಿ ನಾನೇ ಇದರಲ್ಲಿ ಬಿದ್ದಿದ್ದೆ. 2s ನ ψ² ಗ್ರಾಫ್ ಬರೆದರೆ ಅದು ನ್ಯೂಕ್ಲಿಯಸ್ ಇರುವ ಜಾಗದಲ್ಲೇ ಅತಿ ಎತ್ತರ ಇರುತ್ತದೆ. ಅದನ್ನು ನೋಡಿ "ಓ, ಎಲೆಕ್ಟ್ರಾನ್ ಜಾಸ್ತಿ ಹೊತ್ತು ನ್ಯೂಕ್ಲಿಯಸ್‌ನಲ್ಲೇ ಇರುತ್ತೆ" ಎಂದು ಬರೆದು ಕೊಟ್ಟು ಮಾರ್ಕ್ಸ್ ಕಳೆದುಕೊಂಡೆ. ψ² ಹೇಳುವುದು ಸಂಭವನೀಯತೆಯ ಸಾಂದ್ರತೆ, ಅಂದರೆ ಒಂದು ಬಿಂದುವಿನ ಸುತ್ತ ಪುಟ್ಟ ಘನ ಅಳತೆಗೆ ಎಷ್ಟು ಎಂದು. "r ದೂರದಲ್ಲಿ ಸಿಗುವ ಸಾಧ್ಯತೆ ಎಷ್ಟು" ಎಂದು ಕೇಳಿದರೆ ಆ ದೂರದಲ್ಲಿರುವ ತೆಳು ಗೋಲಪದರ ಇಡೀ ಎಣಿಕೆಗೆ ಬರುತ್ತದೆ. ಆ ಪದರದ ವಿಸ್ತೀರ್ಣ 4πr². ನ್ಯೂಕ್ಲಿಯಸ್‌ನಲ್ಲಿ r ಸೊನ್ನೆ, ಪದರವೂ ಸೊನ್ನೆ. ಸಾಂದ್ರತೆ ಎಷ್ಟೇ ಇದ್ದರೂ ಅಲ್ಲಿ ಸಿಗುವ ಪಾಲು ಸೊನ್ನೆಗೆ ಇಳಿಯುತ್ತದೆ. ಇನ್ನು ಮುಂದೆ ನಾನು ಹೇಳುವ "ಪಾಲು" ಎಲ್ಲಾ ಈ ಎರಡನೇ ಲೆಕ್ಕದ್ದು.

ಈಗ ಹೈಡ್ರೋಜನ್ ತೆಗೆದುಕೊಳ್ಳಿ. ದೂರವನ್ನು ಬೋರ್ ತ್ರಿಜ್ಯ a₀ ಯಲ್ಲಿ ಅಳೆಯೋಣ. ಒಂದು a₀ ಅಂದರೆ ಸುಮಾರು 0.529 ಆಂಗ್‌ಸ್ಟ್ರಾಮ್. x = r/a₀ ಎಂದಿಟ್ಟರೆ ಅಲೆಯ ರೇಡಿಯಲ್ ಭಾಗ ಹೀಗಿರುತ್ತದೆ:

```
2s:  (2 − x) · e^(−x/2)
2p:  x · e^(−x/2)
```

2s ನಲ್ಲಿ x = 2 ಆದಾಗ ಅಲೆ ಸೊನ್ನೆಯಾಗಿ ಚಿಹ್ನೆ ಬದಲಿಸುತ್ತದೆ. ಅದೇ ರೇಡಿಯಲ್ ನೋಡ್. ಪಾಲಿನ ಗ್ರಾಫ್ ಬರೆದರೆ ಅದರ ಒಳಗೆ ಒಂದು ಸಣ್ಣ ಗುಡ್ಡ, ಹೊರಗೆ ಒಂದು ದೊಡ್ಡ ಗುಡ್ಡ. ಸಣ್ಣದರ ತುದಿ 0.76 a₀ ಯಲ್ಲಿ, ದೊಡ್ಡದರ ತುದಿ 5.24 a₀ ಯಲ್ಲಿ. 2p ಗೆ ಇರುವುದು ಒಂದೇ ಗುಡ್ಡ, ತುದಿ 4 a₀ ಯಲ್ಲಿ. ಸರಾಸರಿ ದೂರ 2s ಗೆ 6 a₀, 2p ಗೆ 5 a₀. ನೀವು ಓದಿದ್ದು ಇದೇ ಅಲ್ವಾ?

ಸಾಮಾನ್ಯವಾಗಿ ಇಲ್ಲಿ ಒಂದು ಮಾತು ಹೇಳಿ ಮುಗಿಸುತ್ತಾರೆ: "2s ಗೆ ಒಳಗುಡ್ಡ ಇದೆ, ಆದ್ದರಿಂದ ಅದು ಒಳಗೆ ನುಗ್ಗುತ್ತದೆ". ನನಗೆ ಇದು ಅರ್ಧ ಉತ್ತರ ಅನ್ನಿಸುತ್ತದೆ. ಎಷ್ಟು ಪಾಲು ಒಳಗಿದೆ ಎಂದು ಎಣಿಸಿ ನೋಡಿ. x ದೂರದ ಒಳಗಿರುವ ಒಟ್ಟು ಪಾಲು:

```
2s:  1 − e^(−x) · (1 + x + x²/2 + x⁴/8)
2p:  1 − e^(−x) · (1 + x + x²/2 + x³/6 + x⁴/24)
```

ನೋಡ್ ಇರುವ x = 2 ಹಾಕಿ. ಎರಡೂ ಆವರಣಗಳ ಬೆಲೆ ಸರಿಯಾಗಿ 7. ಎರಡಕ್ಕೂ ಉತ್ತರ 5.27 ಶೇಕಡಾ! ನೋಡ್‌ನ ಒಳಗೆ 2s ಎಷ್ಟು ಇದೆಯೋ 2p ಕೂಡ ಅಷ್ಟೇ ಇದೆ. ಮೊದಲ ಸಲ ಇದು ಬಂದಾಗ ಲೆಕ್ಕ ತಪ್ಪಿದೆ ಎಂದುಕೊಂಡು ಮತ್ತೆ ಮಾಡಿದ್ದೆ.

ವ್ಯತ್ಯಾಸ ಇರುವುದು ಇನ್ನೂ ಒಳಗೆ. x = 1 ಹಾಕಿದರೆ 2s ಗೆ 3.4 ಶೇಕಡಾ, 2p ಗೆ ಬರೀ 0.37 ಶೇಕಡಾ. x = 0.5 ಕ್ಕೆ ಹೋದರೆ 0.96 ಮತ್ತು 0.017. ಅಂದರೆ ಐವತ್ತು ಪಟ್ಟಿಗೂ ಜಾಸ್ತಿ. 2p ಯ ಪಾಲು ನೋಡ್‌ನ ಹತ್ತಿರಕ್ಕೆ ಒತ್ತರಿಸಿಕೊಂಡಿದೆ, 2s ನ ಪಾಲು ಆಳದಲ್ಲಿ ಕೂತಿದೆ.

ಹಾಗಿದ್ದರೆ ಹೈಡ್ರೋಜನ್‌ನಲ್ಲೇ 2s ಕೆಳಗಿರಬೇಕಿತ್ತಲ್ಲ? ಇಲ್ಲ. 2s ನ ಹೊರಗುಡ್ಡ 2p ಗಿಂತ ದೂರ ಇದೆ ಎಂಬುದನ್ನು ಮರೆಯಬೇಡಿ. ಒಳಗೆ ಗಳಿಸಿದ್ದನ್ನು ಅದು ಹೊರಗೆ ಕಳೆದುಕೊಳ್ಳುತ್ತದೆ. 1/r ನ ಸರಾಸರಿ ತೆಗೆದರೆ ಎರಡಕ್ಕೂ ಸರಿಯಾಗಿ 1/(4a₀) ಬರುತ್ತದೆ. ಸೆಳೆತದ ಶಕ್ತಿ ಎರಡಕ್ಕೂ −6.8, ಒಟ್ಟು ಶಕ್ತಿ ಎರಡಕ್ಕೂ −3.4 ಎಲೆಕ್ಟ್ರಾನ್‌ವೋಲ್ಟ್. ಜಮಾ ಖರ್ಚು ಸಮ. (ತೀರಾ ಸೂಕ್ಷ್ಮವಾಗಿ ಅಳೆದರೆ ಸಮ ಅಲ್ಲ. 1947ರಲ್ಲಿ ಲ್ಯಾಂಬ್ ಮತ್ತು ರೆದರ್‌ಫೋರ್ಡ್ ಕಂಡದ್ದು 2p ಯ ಎರಡು ಸೂಕ್ಷ್ಮ ಮಟ್ಟಗಳಲ್ಲಿ ಕೆಳಗಿನದಕ್ಕಿಂತ 2s ಒಂದು ಕೂದಲೆಳೆಯಷ್ಟು ಮೇಲಿದೆ ಎಂದು! ಅದು ಎಲೆಕ್ಟ್ರಾನ್‌ವೋಲ್ಟ್‌ನ ಲಕ್ಷದಲ್ಲಿ ಒಂದು ಪಾಲಿಗೂ ಕಡಿಮೆ, ನಮ್ಮ ಕಥೆಗೆ ಬೇಡ.)

ಈ ಸಮತೋಲನ ನಿಂತಿರುವುದು ಒಂದೇ ಷರತ್ತಿನ ಮೇಲೆ: ಎಲ್ಲಾ ದೂರದಲ್ಲೂ ಸೆಳೆಯುವ ಚಾರ್ಜ್ ಒಂದೇ ಇರಬೇಕು. ಲಿಥಿಯಂನಲ್ಲಿ ಅದು ಮುರಿಯುತ್ತದೆ.

ಲಿಥಿಯಂ ನ್ಯೂಕ್ಲಿಯಸ್‌ನಲ್ಲಿ +3. ಅದರ ಸುತ್ತ ಎರಡು 1s ಎಲೆಕ್ಟ್ರಾನ್‌ಗಳು, ತುಂಬಾ ಬಿಗಿಯಾಗಿ. ಸರಳ ಅಂದಾಜಿನಲ್ಲಿ ಆ ಜೋಡಿಯ ಸುಮಾರು 90 ಶೇಕಡಾ 1 a₀ ಒಳಗೇ ಮುಗಿದುಬಿಡುತ್ತದೆ. ಮೂರನೇ ಎಲೆಕ್ಟ್ರಾನ್ ಈ ಮೋಡದ ಹೊರಗಿದ್ದಾಗ ಅದಕ್ಕೆ ಕಾಣುವುದು 3 − 2 = +1, ಥೇಟ್ ಹೈಡ್ರೋಜನ್. ಮೋಡದೊಳಗೆ ನುಗ್ಗಿದರೆ ಪರದೆ ತೆಳುವಾಗುತ್ತದೆ, ಕೊನೆಗೆ ಪೂರ್ತಿ +3 ಕಾಣುತ್ತದೆ. ಹೊರಗಿನ ಗುಡ್ಡಕ್ಕೆ ಹಳೆಯ ದರವೇ, ಒಳಗಿನ ಪಾಲಿಗೆ ಮಾತ್ರ ಮೂರು ಪಟ್ಟಿನವರೆಗೆ ಹೊಸ ದರ. ಜಮಾ ಖರ್ಚು ಇನ್ನು ಸಮ ಆಗುವುದಿಲ್ಲ.

ಎಷ್ಟು ಲಾಭ? ಮೂರನೇ ಎಲೆಕ್ಟ್ರಾನ್‌ನ ಆಕಾರ ಹೈಡ್ರೋಜನ್‌ನದ್ದೇ ಎಂದಿಟ್ಟುಕೊಂಡು, ಪರದೆಯೊಳಗೆ ಸಿಗುವ ಹೆಚ್ಚುವರಿ ಸೆಳೆತವನ್ನು ಮಾತ್ರ ಕೂಡಿದೆ. 1s ಜೋಡಿಗೆ ಪರಿಣಾಮಕಾರಿ ಚಾರ್ಜ್ 2.69 ಎಂದು ಹಿಡಿದಿದ್ದೇನೆ. 2s ಗೆ 0.82 ಎಲೆಕ್ಟ್ರಾನ್‌ವೋಲ್ಟ್ ಲಾಭ, 2p ಗೆ 0.02. ಅಂದರೆ ಬಿಡಿಸಲು ಬೇಕಾದ ಶಕ್ತಿ 2s ಗೆ 4.22, 2p ಗೆ 3.42 ಆಗಬೇಕು.

ಅಳತೆ ಏನು ಹೇಳುತ್ತದೆ? ಲಿಥಿಯಂನ ಅಯನೀಕರಣ ಶಕ್ತಿ 5.39. ಜ್ವಾಲೆಯಲ್ಲಿ ಲಿಥಿಯಂ ಕೊಡುವ ಕೆಂಪು ಬಣ್ಣ 670.8 ನ್ಯಾನೋಮೀಟರ್‌ನದ್ದು, ಅದು 2p ಯಿಂದ 2s ಗೆ ಇಳಿಯುವಾಗ ಬರುವ ಬೆಳಕು, 1.85 ಎಲೆಕ್ಟ್ರಾನ್‌ವೋಲ್ಟ್. ಹಾಗಾಗಿ 2p ಯನ್ನು ಬಿಡಿಸಲು 5.39 − 1.85 = 3.54. ಹೈಡ್ರೋಜನ್‌ನ 3.40 ಕ್ಕೆ ಎಷ್ಟು ಹತ್ತಿರ ನೋಡಿ. 2p ಗೆ ಪರದೆಯ ಒಳಗಿರುವುದು ಬಹುತೇಕ ಗೊತ್ತೇ ಇಲ್ಲ.

2p ಯಲ್ಲಿ ನನ್ನ ಅಂದಾಜು ಹೆಚ್ಚು ತಪ್ಪಲಿಲ್ಲ. ಆದರೆ 2s ನಲ್ಲಿ ಒಂದು ಎಲೆಕ್ಟ್ರಾನ್‌ವೋಲ್ಟ್‌ಗೂ ಮೀರಿ ಕಡಿಮೆ ಬಿತ್ತು. ಮುಖ್ಯ ಕಾರಣ, ನಾನು ಆಕಾರವನ್ನು ಹಾಗೇ ಕಟ್ಟಿ ಹಾಕಿದ್ದೆ. ನಿಜದಲ್ಲಿ ಒಳಗಿನ ಸೆಳೆತ ಸಿಕ್ಕ ಕೂಡಲೇ ಇಡೀ 2s ಕುಗ್ಗುತ್ತದೆ. ಕುಗ್ಗಿದರೆ ಇನ್ನಷ್ಟು ಒಳಗೆ ಹೋಗುತ್ತದೆ, ಆಗ ಇನ್ನಷ್ಟು ಸೆಳೆತ. ನೋಡ್ ಕೂಡ 2 a₀ ಯಲ್ಲಿ ಉಳಿಯುವುದಿಲ್ಲ. 2s ತನ್ನ ಒಳಗಿನ 1s ನಿಂದ ಬೇರೆಯಾದ ಅಲೆಯಾಗಿ ಉಳಿಯಲು ನೋಡ್ ಬೇಕು. ಲಿಥಿಯಂನಲ್ಲಿ 1s ಕುಗ್ಗಿರುವುದರಿಂದ ನೋಡ್ ಕೂಡ ಒಳಕ್ಕೆ ಸರಿಯುತ್ತದೆ. ಹೀಗಾಗಿ 3.4 ಶೇಕಡಾದಂಥ ಅಂಕಿಗಳನ್ನು ಲಿಥಿಯಂಗೆ ಹಾಗೇ ಅಂಟಿಸಬೇಡಿ. ಅವು ದಿಕ್ಕು ತೋರಿಸುತ್ತವೆ, ಪ್ರಮಾಣ ಅಲ್ಲ.

ಈಗ ನೋಡ್‌ನ ಪಾತ್ರದ ಬಗ್ಗೆ. "ನೋಡ್ ಇರುವುದರಿಂದ ಒಳನುಗ್ಗುತ್ತದೆ" ಎನ್ನುವುದು ಕಾರಣವನ್ನು ತಪ್ಪು ಜಾಗದಲ್ಲಿಡುತ್ತದೆ. 1s ಗೆ ಒಂದೂ ನೋಡ್ ಇಲ್ಲ, ಆದರೂ ಅದರಷ್ಟು ಆಳಕ್ಕೆ ಇನ್ಯಾವುದೂ ಹೋಗುವುದಿಲ್ಲ. ನಿಜವಾದ ಕಾರಣ l, ಅಂದರೆ ಕೋನೀಯ ಚಲನೆ ಎಷ್ಟು ಎಂದು ಹೇಳುವ ಸಂಖ್ಯೆ: s ಗೆ 0, p ಗೆ 1, d ಗೆ 2. ಕೋನೀಯ ಚಲನೆ ಇದ್ದರೆ ಅದು ಎಲೆಕ್ಟ್ರಾನನ್ನು ಕೇಂದ್ರದಿಂದ ಹೊರಗೆ ತಳ್ಳುತ್ತದೆ. ನ್ಯೂಕ್ಲಿಯಸ್ ಹತ್ತಿರ ಅಲೆ r ನ l ನೇ ಘಾತದಂತೆ ಸಾಯುತ್ತದೆ: s ನಲ್ಲಿ ಸಾಯುವುದೇ ಇಲ್ಲ, p ಯಲ್ಲಿ r ನಂತೆ, d ಯಲ್ಲಿ r² ನಂತೆ. ನೋಡ್‌ಗಳ ಸಂಖ್ಯೆ n − l − 1, ಇಲ್ಲಿ n ಅಂದರೆ 2s, 3d ಯಂಥ ಹೆಸರಿನ ಮೊದಲ ಅಂಕಿ. ಒಂದೇ n ಇಟ್ಟುಕೊಂಡು l ಕಡಿಮೆ ಮಾಡಿದರೆ ನೋಡ್ ಹೆಚ್ಚುತ್ತದೆ, ಒಳನುಗ್ಗುವುದೂ ಹೆಚ್ಚುತ್ತದೆ. ಎರಡೂ ಜೊತೆಗೆ ಬರುವುದರಿಂದ ಒಂದು ಇನ್ನೊಂದಕ್ಕೆ ಕಾರಣ ಅನ್ನಿಸಿಬಿಡುತ್ತದೆ, ಅಷ್ಟೇ.

"ನೋಡ್ ದಾಟಿ ಎಲೆಕ್ಟ್ರಾನ್ ಒಳಗೆ ಹೇಗೆ ಬರುತ್ತೆ" ಎಂಬ ಪ್ರಶ್ನೆ ನಿಮಗೂ ಬರಬಹುದು. ಅದು ಅತ್ತಿತ್ತ ಓಡಾಡುವ ಗೋಲಿ ಎಂದುಕೊಂಡರೆ ಮಾತ್ರ ಈ ತೊಂದರೆ. ಎರಡೂ ಗುಡ್ಡ ಸೇರಿ ಒಂದೇ ನಿಂತ ಅಲೆ.

ಇದೆಲ್ಲ ಸುಮ್ನೆ ಮಾತಲ್ಲ ಎಂದು ತಿಳಿಯಲು ಸೋಡಿಯಂ ಒಳ್ಳೆಯ ಪರೀಕ್ಷೆ. ಹೊರಗಿನ ಒಂದೇ ಎಲೆಕ್ಟ್ರಾನನ್ನು 3s, 3p, 3d ಗಳಲ್ಲಿ ಇಟ್ಟು, ಬಿಡಿಸಲು ಬೇಕಾದ ಶಕ್ತಿ ಅಳೆದರೆ 5.14, 3.04, 1.52 ಎಲೆಕ್ಟ್ರಾನ್‌ವೋಲ್ಟ್. ಹೈಡ್ರೋಜನ್‌ನಲ್ಲಿ n = 3 ಕ್ಕೆ ಮೂರೂ 1.51. 3d ಹೊರಗೇ ಉಳಿದು ಹೈಡ್ರೋಜನ್‌ನಂತೆ ಬದುಕುತ್ತಿದೆ, 3p ಸ್ವಲ್ಪ ನುಗ್ಗಿದೆ, 3s ಚೆನ್ನಾಗಿ ನುಗ್ಗಿದೆ. 3s ಮತ್ತು 3p ನಡುವಿನ ಆ 2.1 ರ ಅಂತರವೇ ಸೋಡಿಯಂ ದೀಪದ ಹಳದಿ.

ಪೊಟ್ಯಾಸಿಯಂಗೆ ಬಂದರೆ ಇದು n ನ ಸಾಲನ್ನೇ ಮೀರುತ್ತದೆ. 4s ಬಿಡಿಸಲು 4.34, 3d ಬಿಡಿಸಲು ಬರೀ 1.67. ಅದಕ್ಕೇ ಕೊನೆಯ ಎಲೆಕ್ಟ್ರಾನ್ 3d ಬಿಟ್ಟು 4s ನಲ್ಲಿ ಕೂರುತ್ತದೆ. ಆದರೆ ಇದನ್ನು "4s ಯಾವಾಗಲೂ 3d ಗಿಂತ ಕೆಳಗೆ" ಎಂದು ಬಾಯಿಪಾಠ ಮಾಡಬೇಡಿ. ಸ್ಕ್ಯಾಂಡಿಯಂ ಹೊತ್ತಿಗೆ ನ್ಯೂಕ್ಲಿಯಸ್ ಚಾರ್ಜ್ ಏರಿ 3d ಒಳಕ್ಕೆ ಕುಸಿದಿರುತ್ತದೆ. ಅಲ್ಲಿ ಒಂದು ಎಲೆಕ್ಟ್ರಾನ್ ಕಿತ್ತರೆ ಹೋಗುವುದು 4s ನದ್ದು, 3d ಯದ್ದಲ್ಲ.